ಬಾಕ್ಸ್ ಮಾತಾಡಲಿಲ್ಲ, ಸ್ಕ್ರೀನ್‌ಶಾಟ್ ತೋರಿಸಿದರು

ಅಂಗಡಿಗಳಿಗೆ ಸೌಂಡ್ ಬಾಕ್ಸ್ ಹಾಕಿಕೊಡುವುದು, ಕೆಟ್ಟರೆ ನೋಡುವುದು ನನ್ನ ಕೆಲಸ. ಫೋನ್ ಮಾಡುವವರ ಮೊದಲ ಮಾತು ಹೆಚ್ಚಾಗಿ ಒಂದೇ: "ಗಿರಾಕಿ ಸ್ಕ್ರೀನ್‌ಶಾಟ್ ತೋರಿಸಿದ್ರು, ಆದ್ರೆ ದುಡ್ಡು ಬಂದಿಲ್ಲ."

ಸ್ಕ್ರೀನ್‌ಶಾಟ್ ಅಂದರೆ ಬರೀ ಚಿತ್ರ ಅಲ್ವಾ? ಅದು ಗಿರಾಕಿಯ ಫೋನಿನಲ್ಲಿ ಏನು ಕಾಣಿಸಿತು ಅಂತ ಹೇಳುತ್ತದೆ, ನಿಮ್ಮ ಖಾತೆಗೆ ಏನು ಬಂತು ಅಂತ ಹೇಳುವುದಿಲ್ಲ. ಬಾಕ್ಸ್‌ಗೆ ಗಿರಾಕಿಯ ಫೋನಿನ ಜೊತೆ ಸಂಬಂಧವೇ ಇಲ್ಲ. ಅದರೊಳಗೆ ಅದರದ್ದೇ ಸಿಮ್ ಇರುತ್ತದೆ. ನಿಮ್ಮ ಕ್ಯೂಆರ್‌ಗೆ ಹಣ ಬಂತು ಅಂತ ಕಂಪನಿಯ ಸರ್ವರ್ ತಿಳಿಸಿದಾಗ ಮಾತ್ರ ಅದು ಮಾತಾಡುತ್ತದೆ.

ಮೊನ್ನೆ ಒಬ್ಬ ಹಾರ್ಡ್‌ವೇರ್ ಅಂಗಡಿಯಣ್ಣ ಕರೆದರು. ಸಂಜೆ ಜನ ಜಾಸ್ತಿ ಇದ್ದ ಹೊತ್ತು. ಒಬ್ಬ ಬಂದು ₹1,840ರ ಪೈಪು, ನಲ್ಲಿ ಕಟ್ಟಿಸಿಕೊಂಡು, ಹಸಿರು ಟಿಕ್ ತೋರಿಸಿ ಹೋದ. ಟಿಕ್ ಕೆಳಗೆ ಅಂಗಡಿಯ ಹೆಸರೂ ಇತ್ತು, ಸಮಯವೂ ಇತ್ತು. ಬಾಕ್ಸ್ ಮಾತ್ರ ಸುಮ್ಮನಿತ್ತು. "ನೆಟ್‌ವರ್ಕ್ ಇಲ್ವೇನೋ" ಅಂದುಕೊಂಡರು. ರಾತ್ರಿ ಆ್ಯಪ್‌ನ ಪಟ್ಟಿಯಲ್ಲಿ ಅದಕ್ಕೆ ಹಿಂದಿನ ₹60 ಇತ್ತು, ಮುಂದಿನ ₹220 ಇತ್ತು. ನಡುವೆ ₹1,840 ಇಲ್ಲ. ಹಾಗಾದರೆ ಬಾಕ್ಸ್ ಕೆಟ್ಟಿರಲಿಲ್ಲ. ಅಂಗಡಿ ಹೆಸರು, ಮೊತ್ತ ಹಾಕಿದರೆ ಟಿಕ್ ತೋರಿಸುವ ನಕಲಿ ಆ್ಯಪ್‌ಗಳಿವೆ. ಹಳೆಯ ಸ್ಕ್ರೀನ್‌ಶಾಟ್‌ನ ಅಂಕಿ ತಿದ್ದುವುದೂ ಸುಲಭ. ಪ್ರತಿ ಪಾವತಿಗೂ ಸಿಗುವ 12 ಅಂಕಿಯ ಗುರುತಿನ ನಂಬರ್, ಅಂದರೆ ಯುಟಿಆರ್, ಇದೆ ಅಂತಲೂ ನಂಬಬೇಡಿ, ಅದನ್ನೂ ಟೈಪ್ ಮಾಡಬಹುದು. ಆ ನಂಬರ್ ನಿಮ್ಮ ಪಟ್ಟಿಯಲ್ಲಿ ಇದ್ದರೆ ಮಾತ್ರ ಲೆಕ್ಕ.

ಹಾಗಂತ ಬಾಕ್ಸ್ ಮಾತಾಡಲಿಲ್ಲ ಅಂದಕೂಡಲೇ ಎದುರಿನವರನ್ನು ಕಳ್ಳ ಅನ್ನಬೇಡಿ, ದಯವಿಟ್ಟು. ಚಾರ್ಜ್ ಮುಗಿದಿರಬಹುದು, ಸಿಗ್ನಲ್ ಸಿಗದಿರಬಹುದು. ಇನ್ನೊಂದು ಅಂಗಡಿಯಲ್ಲಿ ಒಬ್ಬ ಅಜ್ಜ ನಿಜವಾಗಿಯೂ ಹಣ ಹಾಕಿದ್ದರು, ಆದರೆ ಕ್ಯೂಆರ್‌ಗೆ ಅಲ್ಲ, ಅಂಗಡಿಯಮ್ಮನ ಮೊಬೈಲ್ ನಂಬರಿಗೆ. ಅದು ಅಂಗಡಿಯಮ್ಮನ ಸ್ವಂತ ಖಾತೆಗೆ ಹೋಗಿತ್ತು. ಬಾಕ್ಸ್ ಕಟ್ಟಿರುವುದು ಕ್ಯೂಆರ್‌ಗೆ, ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಪಾಪ ಅಜ್ಜ, ಅರ್ಧ ಗಂಟೆ ನಿಂತಿದ್ದರು.

ಬಾಕ್ಸ್ ಸುಮ್ಮನಿದ್ದರೆ ನಿಮ್ಮದೇ ಫೋನ್ ತೆಗೆಯಿರಿ. ವ್ಯಾಪಾರದ ಆ್ಯಪ್‌ನಲ್ಲಿ ಪಟ್ಟಿಯನ್ನು ರಿಫ್ರೆಶ್ ಮಾಡಿ ಮೊತ್ತ, ಸಮಯ ನೋಡಿ. ಇಲ್ಲದಿದ್ದರೆ ಯಾವ ಕ್ಯೂಆರ್‌ಗೆ, ಯಾವ ನಂಬರಿಗೆ ಹಾಕಿದರು ಅಂತ ಕೇಳಿ, ಆ ಖಾತೆಯನ್ನೂ ನೋಡಿ. ಮೆಸೇಜ್ ಬಂದಿದೆ ಅಂತ ಅಷ್ಟಕ್ಕೇ ಬಿಡಬೇಡಿ, ಅದನ್ನೂ ಯಾರು ಬೇಕಾದರೂ ಕಳಿಸಬಹುದು. ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ ನಿಮಗೆ ಬರದೇ ಉಳಿಯುವುದೂ ಉಂಟು. ಅಂಗಡಿ ಪಾವತಿಯಲ್ಲಿ ಹಾಗಾದರೆ 5 ದಿನದೊಳಗೆ ಹಣ ಅವರ ಖಾತೆಗೇ ವಾಪಸ್ ಹೋಗಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಅಂಥವರಿಗೆ ಇದನ್ನು ಮೆತ್ತಗೆ ಹೇಳಿ, ಸಾಮಾನು ತೆಗೆದಿಟ್ಟುಕೊಂಡಿರಿ.