ಆ್ಯಪ್ ಬಿಟ್ಟು ಹೋದವರು ಏನಾದರು?

"ಡಾಕ್ಟ್ರೇ, ಈ ಆ್ಯಪ್ ಹಾಕ್ಕೊಂಡಿದ್ದೀನಿ, ಮುಂದುವರಿಸ್ಲಾ?" ಎಂದು ರೋಗಿ ಫೋನ್ ಮುಂದೆ ಹಿಡಿಯುತ್ತಾರೆ. ಪರದೆಯ ಮೇಲೆ ನಾಲ್ಕೂವರೆ ಸ್ಟಾರ್ ಇದೆ, ಲಕ್ಷಗಟ್ಟಲೆ ಡೌನ್‌ಲೋಡ್ ಇದೆ, ಸಂಶೋಧನೆಯಿಂದ ಸಾಬೀತಾಗಿದೆ ಎಂಬ ಸಾಲೂ ಇದೆ. ಉತ್ತರ ಕೊಡಬೇಕಾದ ನಮಗೆ ಬೇಕಿರುವ ಮಾಹಿತಿ ಮಾತ್ರ ಅಲ್ಲಿಲ್ಲ. ಶುರು ಮಾಡಿದವರಲ್ಲಿ ಎಷ್ಟು ಜನ ಉಳಿದರು? ಬಿಟ್ಟು ಹೋದವರು ಏನಾದರು?

ಮಾನಸಿಕ ಆರೋಗ್ಯದ ಆ್ಯಪ್‌ಗಳ ಅಧ್ಯಯನಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ. ಈ ಪ್ರಶ್ನೆ ಆ್ಯಪ್‌ಗಳಿಗಿಂತ ಹಳೆಯದು. ಸ್ಮಾರ್ಟ್‌ಫೋನ್ ಬರುವ ಮೊದಲು, ವೆಬ್‌ಸೈಟ್‌ಗಳ ಕಾಲದಲ್ಲೇ ಇದು ಎದ್ದಿತ್ತು.

ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯವರು 2001ರಲ್ಲಿ 'ಮೂಡ್‌ಜಿಮ್' ಎಂಬ ತಾಣ ಶುರು ಮಾಡಿದರು. ಖಿನ್ನತೆಗೆ ಕೊಡುವ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳಲು ಕಲಿಸುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯನ್ನು ಜನ ತಾವೇ ಕೂತು ಪಾಠದಂತೆ ಕಲಿಯಲಿ ಎಂಬುದು ಉದ್ದೇಶ. 2004ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದರ ಪ್ರಯೋಗದ ವರದಿ ಬಂತು. 525 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದ್ದರು. ಒಂದಕ್ಕೆ ಮೂಡ್‌ಜಿಮ್, ಇನ್ನೊಂದಕ್ಕೆ ಖಿನ್ನತೆಯ ಬಗ್ಗೆ ಮಾಹಿತಿ ಕೊಡುವ ತಾಣ, ಮೂರನೆಯದಕ್ಕೆ ಹೋಲಿಕೆಗಾಗಿ ಬರೀ ಮಾತುಕತೆ. ಮೂರೂ ಗುಂಪಿನವರಿಗೆ ಪ್ರತಿ ವಾರ ಯಾರಾದರೂ ಫೋನ್ ಮಾಡುತ್ತಿದ್ದರು. ಇದು ಒಳ್ಳೆಯ ವಿನ್ಯಾಸ. ನನ್ನನ್ನು ಯಾರೋ ವಿಚಾರಿಸ್ತಾರೆ ಅನ್ನುವ ಸಮಾಧಾನ ಎಲ್ಲರಿಗೂ ಸಮನಾಗಿ ಸಿಕ್ಕಿತು. ಹೋಲಿಕೆಯ ಗುಂಪಿಗಿಂತ ಮೂಡ್‌ಜಿಮ್ ಬಳಸಿದವರಲ್ಲಿ ಖಿನ್ನತೆ ಜಾಸ್ತಿ ಇಳಿಯಿತು.

ಆದರೆ ಆ ವಾರದ ಫೋನ್ ಕರೆ ಜನರನ್ನು ಹಿಡಿದೂ ಇಟ್ಟಿತ್ತು. ಕರೆ ಮಾಡುವವರು ಇಲ್ಲದಿದ್ದರೆ?

ಮರುವರ್ಷ, 2005ರಲ್ಲಿ, ಟೊರಾಂಟೊದಲ್ಲಿದ್ದ ಗುಂಥರ್ ಐಸೆನ್‌ಬಾಖ್ ಒಂದು ಲೇಖನ ಬರೆದರು. ಇಂಟರ್‌ನೆಟ್ ಚಿಕಿತ್ಸೆಗಳಲ್ಲಿ ಜನ ಬಿಟ್ಟು ಹೋಗುವುದು ಸಹಜ, ಅದನ್ನು ಮುಚ್ಚಿಡಬೇಡಿ, ಅದನ್ನೇ ಅಳೆದು ವರದಿ ಮಾಡಿ ಎಂದರು. ಅಲ್ಲಿ ಅವರು ಬಿಡಿಸಿ ಹೇಳಿದ ಒಂದು ವ್ಯತ್ಯಾಸ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಅಧ್ಯಯನದ ಪ್ರಶ್ನಾವಳಿ ತುಂಬುವುದನ್ನು ಬಿಡುವುದು ಒಂದು. ಚಿಕಿತ್ಸೆಯನ್ನೇ ಬಳಸುವುದನ್ನು ಬಿಡುವುದು ಇನ್ನೊಂದು. ಒಬ್ಬರು ಆ್ಯಪ್ ಬಳಸುವುದನ್ನು ಬಿಟ್ಟು ಎರಡು ತಿಂಗಳಾಗಿದ್ದರೂ ಪ್ರಶ್ನಾವಳಿ ತುಂಬಿ ಕಳಿಸಬಹುದು. ಅಂಥವರ ಅಂಕ ನಮಗೆ ತುಂಬ ಮುಖ್ಯ, ಅದು ಕೈಬಿಟ್ಟು ಹೋಗಬಾರದು.

ಹತ್ತು ವರ್ಷದ ನಂತರ ಇಂಗ್ಲೆಂಡಿನ 'ರಿಯಾಕ್ಟ್' ಪ್ರಯೋಗ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿತು. ಸಾಮಾನ್ಯ ವೈದ್ಯರ ಬಳಿ ಖಿನ್ನತೆಗೆಂದು ಬಂದ 691 ರೋಗಿಗಳು ಅದರಲ್ಲಿದ್ದರು. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪ್ರಶ್ನಾವಳಿ ಪಿಎಚ್‌ಕ್ಯೂ-9ರಲ್ಲಿ ಎಲ್ಲರ ಅಂಕವೂ 10 ಅಥವಾ ಅದಕ್ಕಿಂತ ಮೇಲೆ. ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಕೆಲವರಿಗೆ ಮೂಡ್‌ಜಿಮ್, ಕೆಲವರಿಗೆ 'ಬೀಟಿಂಗ್ ದ ಬ್ಲೂಸ್' ಎಂಬ ಇನ್ನೊಂದು ಕಂಪ್ಯೂಟರ್ ಸಿಬಿಟಿ, ಉಳಿದವರಿಗೆ ಎಂದಿನ ಚಿಕಿತ್ಸೆ ಮಾತ್ರ. ನಾಲ್ಕು ತಿಂಗಳ ನಂತರ ನೋಡಿದರೆ, ಎಂದಿನ ಚಿಕಿತ್ಸೆಗಿಂತ ಎರಡರಿಂದಲೂ ಹೆಚ್ಚಿನ ಲಾಭ ಕಾಣಲಿಲ್ಲ. ಕಾರಣ ಊಹಿಸಲು ಒಂದು ಅಂಕಿ ಸಾಕು. ರೋಗಿಗಳು ಮುಗಿಸಿದ ಪಾಠಗಳ ಮಧ್ಯಾಂಕ ಮೂಡ್‌ಜಿಮ್‌ನಲ್ಲಿ 1, ಬೀಟಿಂಗ್ ದ ಬ್ಲೂಸ್‌ನಲ್ಲಿ 2. ಬಹಳಷ್ಟು ಜನ ಬಾಗಿಲು ತೆರೆದು ನೋಡಿ ವಾಪಸ್ ಹೋಗಿದ್ದರು. ಈ ಅಧ್ಯಯನದ ಬಗ್ಗೆ ನನಗೆ ಗೌರವ ಇದೆ. ಪಾಠ ಬಿಟ್ಟವರನ್ನೂ ಲೆಕ್ಕದಲ್ಲಿ ಇಟ್ಟುಕೊಂಡೇ ಅದು ಫಲಿತಾಂಶ ಹೇಳಿತು.

ಅಷ್ಟರಲ್ಲಿ ಪಾಠಗಳು ಕಂಪ್ಯೂಟರಿನಿಂದ ಜೇಬಿಗೆ ಬಂದಾಗಿತ್ತು. ಖಿನ್ನತೆಯ ಲಕ್ಷಣಗಳ ಮೇಲೆ ಆ್ಯಪ್‌ಗಳ ಪರಿಣಾಮ ನೋಡಿದ 18 ಪ್ರಯೋಗಗಳನ್ನು 2017ರಲ್ಲಿ ಜೋಸೆಫ್ ಫರ್ತ್ ಮತ್ತು ಸಂಗಡಿಗರು ಒಟ್ಟುಗೂಡಿಸಿದರು. ಏನೂ ಕೊಡದ ಅಥವಾ ಕಾಯುವ ಪಟ್ಟಿಯಲ್ಲಿಟ್ಟ ಗುಂಪಿಗೆ ಹೋಲಿಸಿದಾಗ, ಎರಡು ಗುಂಪುಗಳ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಹೇಳುವ 'ಪರಿಣಾಮದ ಗಾತ್ರ' 0.56 ಬಂತು. ಬೇರೇನಾದರೂ ಚಟುವಟಿಕೆ ಕೊಟ್ಟ ಗುಂಪಿಗೆ ಹೋಲಿಸಿದಾಗ ಅದು 0.22ಕ್ಕೆ ಇಳಿಯಿತು. ಫೋನು, ನೋಟಿಫಿಕೇಶನ್ನು, ಏನೋ ಮಾಡ್ತಿದ್ದೀನಿ ಅನ್ನುವ ಭರವಸೆ, ಇವೆಲ್ಲ ಸೇರಿಯೇ ಒಂದು ಪಾಲು ಕೆಲಸ ಮಾಡುತ್ತವೆ ಅಂತ ಕಾಣುತ್ತದೆ. ಹಾಗಾಗಿ ಹೋಲಿಕೆಯ ಗುಂಪಿಗೂ ಒಂದು ಆ್ಯಪ್ ಕೊಡುವುದು ಒಳ್ಳೆಯದು. ನೋಡಲು ಅದೇ ರೀತಿ ಇರಬೇಕು, ಅಷ್ಟೇ ಸಮಯ ಬೇಡಬೇಕು, ಚಿಕಿತ್ಸೆಯ ಅಂಶ ಮಾತ್ರ ಇರಬಾರದು. ಕಾಯುವ ಪಟ್ಟಿಗೆ ಹೋಲಿಸಿ 'ಪರಿಣಾಮಕಾರಿ' ಎಂದು ಬರೆದ ವರದಿ ಕೈಗೆ ಬಂದರೆ ನಾನು ಆ ಅಂಕಿಯನ್ನು ಅರ್ಧಕ್ಕೆ ಇಳಿಸಿಯೇ ಓದುತ್ತೇನೆ.

ಬಿಟ್ಟು ಹೋದವರ ಕಥೆ ಇಲ್ಲೂ ಮುಂದುವರಿಯಿತು. ಖಿನ್ನತೆಯ ಆ್ಯಪ್ ಪ್ರಯೋಗಗಳಲ್ಲಿ ಮಧ್ಯೆ ಬಿಟ್ಟವರು ಶೇ 26ರಷ್ಟು ಎಂದು ಜಾನ್ ಟೋರಸ್ ತಂಡ 2020ರಲ್ಲಿ ಲೆಕ್ಕ ಹಾಕಿತು. ಒಳ್ಳೆಯ ಫಲಿತಾಂಶದ ವರದಿಗಳೇ ಹೆಚ್ಚು ಪ್ರಕಟವಾಗುವ ಪಕ್ಷಪಾತವನ್ನು ಸರಿಪಡಿಸಿ ನೋಡಿದಾಗ ಅದು ಶೇ 48ರ ಹತ್ತಿರಕ್ಕೆ ಹೋಯಿತು. ಇದು ಪ್ರಯೋಗದ ಒಳಗಿನ ಮಾತು. ಹೊರಗಿನ ಚಿತ್ರ ಇನ್ನೂ ಕಷ್ಟದ್ದು. ಅಮಿತ್ ಬಾವ್‌ಮೆಲ್ ತಂಡ 2019ರಲ್ಲಿ 93 ಆ್ಯಪ್‌ಗಳ ನಿಜವಾದ ಬಳಕೆಯ ದಾಖಲೆ ನೋಡಿತು. ಹಾಕಿಕೊಂಡ 15ನೇ ದಿನಕ್ಕೆ ಉಳಿದವರ ಮಧ್ಯಾಂಕ ಶೇ 3.9. 30ನೇ ದಿನಕ್ಕೆ ಶೇ 3.3. ನೂರು ಜನರಿಗೆ ಹೇಳಿ ಕಳಿಸಿದರೆ ತಿಂಗಳ ಕೊನೆಗೆ ಮೂರ್ನಾಲ್ಕು ಜನ.

ಇದು ಫಲಿತಾಂಶವನ್ನು ಹೇಗೆ ತಿರುಗಿಸುತ್ತದೆ ಎಂದು ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. 100 ರೋಗಿಗಳು ಆ್ಯಪ್ ಶುರು ಮಾಡಿದರು, ಸರಾಸರಿ ಪಿಎಚ್‌ಕ್ಯೂ-9 ಅಂಕ 14. ಎಂಟನೇ ವಾರಕ್ಕೆ 40 ಜನ ಉಳಿದರು, ಅವರ ಸರಾಸರಿ 8. ಉಳಿದವರನ್ನಷ್ಟೇ ಎಣಿಸಿದರೆ 6 ಅಂಕದ ಇಳಿಕೆ. ಪಿಎಚ್‌ಕ್ಯೂ-9ರಲ್ಲಿ 5 ಅಂಕದ ಬದಲಾವಣೆಯನ್ನು ಅರ್ಥಪೂರ್ಣ ಎನ್ನುವುದು ವಾಡಿಕೆ. ಅಂದರೆ ಇದು ಗೆಲುವು. ಈಗ ಬಿಟ್ಟು ಹೋದ 60 ಜನರು 14ರಲ್ಲೇ ಇದ್ದಾರೆ ಎಂದುಕೊಳ್ಳಿ. ನೂರೂ ಜನರ ಸರಾಸರಿ 11.6, ಇಳಿಕೆ ಬರೀ 2.4. ಹೋಲಿಕೆಯ ಗುಂಪಿನಲ್ಲಿ ಕಾಲ ಕಳೆದಂತೆ ತಾನಾಗಿಯೇ 2 ಅಂಕ ಇಳಿದಿದ್ದರೆ ಆ್ಯಪಿನ ಪಾಲಿಗೆ ಉಳಿಯುವುದು 0.4. ಅದೇ ಆ್ಯಪ್, ಅದೇ ಜನ. ಬಿಟ್ಟವರಲ್ಲಿ ಕೆಲವರು ಸುಧಾರಿಸಿಕೊಂಡು ಬಿಟ್ಟಿರಬಹುದು, ಕೆಲವರು ಇನ್ನೂ ಕುಸಿದು ಬಿಟ್ಟಿರಬಹುದು. ಅದಕ್ಕೇ ಅವರನ್ನು ಹುಡುಕಿ, ಫೋನ್ ಮಾಡಿ, ಅಂಕ ಕೇಳಬೇಕು. ಬೇರೆ ದಾರಿಯಿಲ್ಲ.

ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ 'ವೈಸಾ' ಆ್ಯಪಿನ ಮೇಲೆ 2018ರಲ್ಲಿ ಬಂದ ಅಧ್ಯಯನ ಇದನ್ನು ಅರ್ಥ ಮಾಡಿಕೊಳ್ಳಲು ಒಳ್ಳೆಯ ಪಾಠ. ಅದು ಸಂಭಾಷಣೆಯ ರೂಪದ ಆ್ಯಪ್. 129 ಬಳಕೆದಾರರು, ಎಲ್ಲರೂ ತಾವಾಗಿಯೇ ಹಾಕಿಕೊಂಡವರು, ಪಿಎಚ್‌ಕ್ಯೂ-9 ಎರಡು ಸಲ ತುಂಬಿದವರು. ಜಾಸ್ತಿ ಬಳಸಿದ 108 ಜನ ಒಂದು ಗುಂಪು, ಕಡಿಮೆ ಬಳಸಿದ 21 ಜನ ಇನ್ನೊಂದು. ಸರಾಸರಿ ಸುಧಾರಣೆ ಮೊದಲ ಗುಂಪಿನಲ್ಲಿ 5.84, ಎರಡನೆಯದರಲ್ಲಿ 3.52. ಆಸೆ ಹುಟ್ಟಿಸುವ ವ್ಯತ್ಯಾಸವೇ. ಆದರೆ ಇಲ್ಲಿ ಚೀಟಿ ಎತ್ತಿ ಗುಂಪು ಮಾಡಿಲ್ಲ. ಆ್ಯಪ್ ಬಳಸಿದ್ದಕ್ಕೆ ಹುಷಾರಾದರೋ, ಹುಷಾರಾಗುತ್ತಿದ್ದವರಿಗೆ ಆ್ಯಪ್ ಬಳಸುವ ಉತ್ಸಾಹ ಬಂತೋ ಹೇಳಲಾಗದು. ಎರಡನೇ ಪ್ರಶ್ನಾವಳಿ ತುಂಬದೆ ಹೋದವರು ಈ 129ರಲ್ಲಿ ಇಲ್ಲವೇ ಇಲ್ಲ. ಮೊದಲ ಹೆಜ್ಜೆಯ ಅಧ್ಯಯನವಾಗಿ ಇದಕ್ಕೆ ಬೆಲೆಯಿದೆ. ಆದರೆ ರೋಗಿಗೆ ಆ್ಯಪ್ ಬರೆದುಕೊಡಲು ಇದೊಂದನ್ನೇ ಆಧಾರ ಮಾಡಿಕೊಳ್ಳಲಾಗದು.

ಬಳಕೆಯನ್ನು ಅಳೆಯುವುದೂ ಸುಲಭವಲ್ಲ. ಎಷ್ಟು ಸಲ ತೆರೆದರು, ಎಷ್ಟು ನಿಮಿಷ ಇದ್ದರು ಎಂಬುದನ್ನು ಸರ್ವರ್ ತಾನೇ ದಾಖಲಿಸುತ್ತದೆ, ಹಾಗಾಗಿ ವರದಿಗಳಲ್ಲಿ ಅದೇ ತುಂಬಿರುತ್ತದೆ. ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ಮೊದಲ ವಾರ ಮೂರು ಸಲ ತೆರೆದಳು. ನಾಲ್ಕನೇ ವಾರ ಹದಿನೆಂಟು ಸಲ. ಗ್ರಾಫ್ ಮೇಲಕ್ಕೆ ಏರುತ್ತಿದೆ. ಹೊತ್ತು ನೋಡಿದರೆ ಎಲ್ಲವೂ ರಾತ್ರಿ ಎರಡರಿಂದ ನಾಲ್ಕು ಗಂಟೆ. ನಿದ್ದೆ ಹೋಗಿದೆ, ಒಬ್ಬಳೇ ಇದ್ದಾಳೆ, ಕೈ ಫೋನಿಗೆ ಹೋಗುತ್ತಿದೆ. ಇದನ್ನು ಒಳ್ಳೆಯ ಬಳಕೆ ಎಂದು ಎಣಿಸಿದರೆ ರೋಗದ ಲಕ್ಷಣವನ್ನೇ ಗುಣ ಎಂದು ಎಣಿಸಿದಂತೆ. ಇನ್ನೊಬ್ಬ ಎರಡೇ ವಾರ ಬಳಸಿ, ಬೆಳಿಗ್ಗೆ ನಡೆಯಲು ಹೋಗುವ ಅಭ್ಯಾಸ ಕಲಿತು ಆ್ಯಪ್ ಬಿಟ್ಟ. ಲೆಕ್ಕದಲ್ಲಿ ಅವನು ಸೋತವನು. ಹಾಗಾಗಿ ಪ್ರಯೋಗ ಶುರುವಾಗುವ ಮೊದಲೇ ಬರೆದಿಡಬೇಕಾದ್ದು ಇದು: ಯಾವ ಪಾಠ, ಯಾವ ಅಭ್ಯಾಸ, ಎಷ್ಟು ಆದರೆ ಚಿಕಿತ್ಸೆ ಸಿಕ್ಕಂತೆ? ಅದು ಬದುಕಿನಲ್ಲಿ ನಡೆಯಿತೇ ಎಂದು ರೋಗಿಯನ್ನೇ ಕೇಳಬೇಕು.

ಅಪಾಯದ ವಿಷಯಕ್ಕೆ ಬರೋಣ. ಆ್ಯಪಿನಿಂದ ಒಳ್ಳೇದಾಗದಿದ್ದರೂ ಕೆಟ್ಟದಂತೂ ಆಗಲ್ಲ ಅಲ್ವಾ ಎಂದು ಸಹೋದ್ಯೋಗಿಗಳೂ ಕೇಳುತ್ತಾರೆ. ಡೆನ್ಮಾರ್ಕಿನ 'ಮೊನಾರ್ಕಾ' ಪ್ರಯೋಗ ಅವರಿಗಾಗಿ. 2015ರಲ್ಲಿ ಪ್ರಕಟವಾದ ಅದರಲ್ಲಿ ಬೈಪೋಲಾರ್ ಇರುವ 78 ಜನರಿದ್ದರು. ಎರಡೂ ಗುಂಪಿಗೆ ಸ್ಮಾರ್ಟ್‌ಫೋನ್ ಕೊಟ್ಟರು. ಒಂದು ಗುಂಪು ಆರು ತಿಂಗಳು ದಿನಾ ತನ್ನ ಮನಸ್ಥಿತಿ ದಾಖಲಿಸಿತು, ಇನ್ನೊಂದು ಫೋನನ್ನು ಸುಮ್ನೆ ಎಂದಿನಂತೆ ಬಳಸಿತು. ಅಂಕ ಹಾಕುವವರಿಗೆ ಯಾರು ಯಾವ ಗುಂಪು ಎಂದು ಗೊತ್ತಿರಲಿಲ್ಲ. ಒಟ್ಟಾರೆ ಲಾಭ ಕಾಣಲಿಲ್ಲ. ದಾಖಲಿಸಿದ ಗುಂಪಿನಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚು ಕಾಲ ಉಳಿಯುವ ಒಲವು ಕಂಡಿತು, ಅದು ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ದಿನಾ 'ಇವತ್ತು ಎಷ್ಟು ಬೇಜಾರು?' ಎಂದು ಕೇಳುವುದೇ ಕೆಲವರಿಗೆ ಭಾರವಾಗುತ್ತಿರಬಹುದು.

ಇನ್ನೂ ಗಂಭೀರವಾದದ್ದು 2022ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇದು ಆ್ಯಪ್ ಅಲ್ಲ, ಆನ್‌ಲೈನ್ ಪಾಠ. ಆದರೆ ಆ್ಯಪ್‌ಗಳಲ್ಲಿ ತುಂಬಿರುವುದೂ ಅದೇ ಬಗೆಯ ಸರಕು. ಅಮೆರಿಕದಲ್ಲಿ ಆತ್ಮಹತ್ಯೆಯ ಯೋಚನೆ ಇದೆ ಎಂದು ಹೇಳಿದ್ದ 18,882 ಹೊರರೋಗಿಗಳನ್ನು ಗ್ರೆಗರಿ ಸೈಮನ್ ತಂಡ ಮೂರು ಗುಂಪು ಮಾಡಿತು. ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ ಡಿಬಿಟಿ ಎಂಬ ಚಿಕಿತ್ಸೆಯ ಕೌಶಲಗಳನ್ನು ಆನ್‌ಲೈನ್‌ನಲ್ಲಿ ಕಲಿಯಲು ಆಹ್ವಾನ ಪಡೆದ ಗುಂಪಿನಲ್ಲಿ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಅಪಾಯ ಎಂದಿನ ಚಿಕಿತ್ಸೆಯ ಗುಂಪಿಗಿಂತ ಶೇ 29ರಷ್ಟು ಜಾಸ್ತಿ ಇತ್ತು. ಅಷ್ಟು ದೊಡ್ಡ ಪ್ರಯೋಗ ಆಗಿದ್ದರಿಂದಲೇ ಅದು ಕಂಡಿತು. ಗುಂಪಿಗೆ ಮೂವತ್ತೈದು ಜನರಿರುವ ಎರಡು ವಾರದ ಅಧ್ಯಯನದಲ್ಲಿ 'ಯಾವ ಅಡ್ಡಪರಿಣಾಮವೂ ವರದಿಯಾಗಿಲ್ಲ' ಎಂದಿದ್ದರೆ, ಅಂಥದ್ದನ್ನು ನೋಡುವ ಶಕ್ತಿಯೇ ಆ ಅಧ್ಯಯನಕ್ಕೆ ಇರಲಿಲ್ಲ ಎಂದು ಓದಿಕೊಳ್ಳಬೇಕು. ಪಿಎಚ್‌ಕ್ಯೂ-9 ಅಂಕ ಮೊದಲಿಗಿಂತ 5ಕ್ಕೂ ಹೆಚ್ಚು ಏರಿದವರು ಎಷ್ಟು ಜನ, ಹಾನಿಯ ಬಗ್ಗೆ ನೇರವಾಗಿ ಕೇಳಿದ್ದರೇ ಎಂದು ಪ್ರತ್ಯೇಕವಾಗಿ ಹುಡುಕಿ.

ರೋಗಿಯ ಗುಟ್ಟು ಹೊರಹೋಗುವ ಅಪಾಯ ಬೇರೆ ಬಗೆಯದ್ದು. ಖಿನ್ನತೆ ಮತ್ತು ಧೂಮಪಾನ ಬಿಡಿಸುವ 36 ಜನಪ್ರಿಯ ಆ್ಯಪ್‌ಗಳಿಂದ ಹೊರಹೋಗುವ ಮಾಹಿತಿಯನ್ನು 2019ರಲ್ಲಿ ಕಿಟ್ ಹಕ್‌ವೇಲ್ ತಂಡ ಮಧ್ಯದಲ್ಲಿ ಹಿಡಿದು ನೋಡಿತು. 29 ಆ್ಯಪ್‌ಗಳು ಗೂಗಲ್ ಅಥವಾ ಫೇಸ್‌ಬುಕ್‌ಗೆ ಮಾಹಿತಿ ಕಳಿಸುತ್ತಿದ್ದವು. ಅದನ್ನು ನಿಯಮಾವಳಿಯಲ್ಲಿ ಹೇಳಿಕೊಂಡವು ಅದಕ್ಕಿಂತ ಬಹಳ ಕಡಿಮೆ.

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದ್ದು. ರೋಗಿಗೆ ಆ್ಯಪ್ ಹೇಳುವ ಮೊದಲು ನಿಮ್ಮ ಫೋನಿನಲ್ಲಿ ಹಾಕಿ, ಆ ಪ್ರಶ್ನೆಗೆ 'ಬಹುತೇಕ ಪ್ರತಿದಿನ' ಒತ್ತಿ, ಮುಂದೆ ಯಾವ ಪರದೆ ಬರುತ್ತದೆ ನೋಡಿ. ಸಹಾಯವಾಣಿ ನಂಬರ್ ಬಂದರೆ ಅದಕ್ಕೆ ಕರೆ ಮಾಡಿ ನೋಡಿ. 2019ರಲ್ಲಿ ಲೌರಾ ಮಾರ್ಟಿನೆಂಗೊ ತಂಡ ಪರಿಶೀಲಿಸಿದ 69 ಆ್ಯಪ್‌ಗಳಲ್ಲಿ 6ರಲ್ಲಿ ಕೊಟ್ಟ ನಂಬರ್ ತಪ್ಪಾಗಿತ್ತು ಅಥವಾ ಅಂಥ ನಂಬರೇ ಅಸ್ತಿತ್ವದಲ್ಲಿ ಇರಲಿಲ್ಲ. ಅದರಲ್ಲಿ ಎರಡು ಆ್ಯಪ್‌ಗಳನ್ನು ಹತ್ತು ಲಕ್ಷಕ್ಕಿಂತ ಹೆಚ್ಚು ಸಲ ಡೌನ್‌ಲೋಡ್ ಮಾಡಿಕೊಂಡಿದ್ದರು. ಬೇರೆ ದೇಶದಲ್ಲಿ ತಯಾರಾದ ಆ್ಯಪ್ ನಮ್ಮ ರೋಗಿಗೆ ಅಲ್ಲಿನ ನಂಬರ್ ತೋರಿಸಿದರೂ ಅಷ್ಟೇ. ನಮ್ಮಲ್ಲಿ ಬರಬೇಕಾದ್ದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416. ಅದು ಬಾರದ ಆ್ಯಪ್ ಆಗಿದ್ದರೆ ಆ ನಂಬರನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆದು, ಓದಿ ಹೇಳಿ, ಎದುರಿಗೇ ಅವರ ಫೋನಿನಲ್ಲಿ ಸೇವ್ ಮಾಡಿಸಿ ಕಳಿಸಿ.