ಬೆಟ್ಟದ ಮೇಲಿಂದ ಎಸೆದರೂ 45 ಡಿಗ್ರಿಯೇನಾ?

ಪ್ರಶ್ನೆ: 45 ಡಿಗ್ರಿಯಲ್ಲಿ ಎಸೆದರೆ ಚೆಂಡು ಅತಿ ದೂರ ಹೋಗುತ್ತದೆ ಎಂದು ಪಿಯುಸಿಯಲ್ಲಿ ಕಲಿತೆವು. ಎತ್ತರದ ಬಂಡೆಯ ಮೇಲೆ ನಿಂತು ಎಸೆದರೂ ಅದೇ ಕೋನವೇ? ಚೆಂಡು ಇಳಿಜಾರಿನ ಮೇಲೆ ಬೀಳುವುದಾದರೆ?

ಅಲ್ಲ. 45 ಡಿಗ್ರಿ ಸರಿಯಾಗುವುದು ಎಸೆದ ಜಾಗ ಮತ್ತು ಬಿದ್ದ ಜಾಗ ಒಂದೇ ಮಟ್ಟದಲ್ಲಿದ್ದರೆ ಮಾತ್ರ. ಪುಸ್ತಕದಲ್ಲಿ ಈ ಷರತ್ತು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ನಮಗೆ ನೆನಪಲ್ಲಿ ಉಳಿಯುವುದು 45 ಒಂದೇ.

ಮೊದಲು ಸಮತಟ್ಟು ಮೈದಾನವನ್ನೇ ನೋಡೋಣ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಚೆಂಡು ಎಸೆಯುತ್ತೀರಿ ಎಂದುಕೊಳ್ಳಿ. ಲೆಕ್ಕ ಸುಲಭವಾಗಲಿ ಎಂದು ಗುರುತ್ವದ g ಅನ್ನು 10 ಎಂದು ಹಿಡಿಯುತ್ತೇನೆ. ಗಾಳಿಯ ತಡೆಯನ್ನು ಸದ್ಯಕ್ಕೆ ಬಿಡೋಣ.

```
R = v² sin 2θ / g
H = v² sin² θ / 2g
```

45 ಡಿಗ್ರಿಯಲ್ಲಿ ರೇಂಜ್ 40 ಮೀಟರ್, ಗರಿಷ್ಠ ಎತ್ತರ 10 ಮೀಟರ್. ಈ ಕೋನದಲ್ಲಿ ಎತ್ತರ ಯಾವಾಗಲೂ ರೇಂಜಿನ ಕಾಲು ಭಾಗ. ಇದರ ಹಿಂದೆ ಒಂದು ಚೌಕಾಸಿ ಇದೆ. ಚೆಂಡು ಮುಂದಕ್ಕೆ ಹೋಗಬೇಕು, ಜೊತೆಗೆ ಗಾಳಿಯಲ್ಲಿ ಇರುವುದಕ್ಕೆ ಹೊತ್ತೂ ಬೇಕು. ಮೈದಾನದಲ್ಲಿ ಆ ಹೊತ್ತು ಪೂರ್ತಿ ಮೇಲ್ಮುಖ ವೇಗದಿಂದಲೇ ಬರಬೇಕು. ಹಾಗಾಗಿ ಎರಡೂ ಕಡೆ ಸಮಪಾಲು.

ಈಗ 25 ಮೀಟರ್ ಎತ್ತರದ ಬಂಡೆಯ ಅಂಚಿಗೆ ಬನ್ನಿ. ಇಲ್ಲಿ ಕೆಳಗೆ ಬೀಳುವುದಕ್ಕೇ ಒಂದಷ್ಟು ಸಮಯ ಹಿಡಿಯುತ್ತದೆ. ಅದು ಪುಕ್ಕಟೆ ಸಿಕ್ಕ ಹೊತ್ತು. ಮೇಲಕ್ಕೆ ಎಸೆದು ಹೊತ್ತು ಸಂಪಾದಿಸುವ ಅಗತ್ಯ ಕಡಿಮೆಯಾಗುತ್ತದೆ, ಮುಂದಿನ ವೇಗಕ್ಕೆ ಬೆಲೆ ಜಾಸ್ತಿಯಾಗುತ್ತದೆ. ಹಾಗಾಗಿ ಕೋನ ಇಳಿಯಬೇಕು. ಎಷ್ಟು?

```
tan θ = v / √(v² + 2gh)
R = (v/g) √(v² + 2gh)
```

v² ಅಂದರೆ 400, 2gh ಅಂದರೆ 500. ಕೂಡಿದರೆ 900, ವರ್ಗಮೂಲ 30. tan θ = 20/30, ಅಂದರೆ ಕೋನ 33.7 ಡಿಗ್ರಿ. ಬಂಡೆಯ ಬುಡದಿಂದ ಚೆಂಡು ಬೀಳುವ ದೂರ ಸರಿಯಾಗಿ 60 ಮೀಟರ್.

ಇಲ್ಲಿ ಹಟ ಹಿಡಿದು 45 ಡಿಗ್ರಿಯಲ್ಲೇ ಎಸೆದರೆ ಸಿಗುವುದು 57.4 ಮೀಟರ್. ನಷ್ಟ ಮೂರು ಮೀಟರ್ ಕೂಡ ಇಲ್ಲ. ಅತಿ ದೂರ ಕೊಡುವ ಕೋನದ ಹತ್ತಿರ ರೇಂಜ್ ತುಂಬಾ ನಿಧಾನವಾಗಿ ಬದಲಾಗುವುದರಿಂದ ಹೀಗೆ. ನಿಜ ಹೇಳಬೇಕೆಂದರೆ ಕಲ್ಲು ಎಸೆಯುವ ಹುಡುಗನಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಪರೀಕ್ಷೆ ಬರೆಯುವವನಿಗೆ ಗೊತ್ತಾಗುತ್ತದೆ ಅಷ್ಟೇ.

ಗರಿಷ್ಠ ಎತ್ತರದ ವಿಷಯದಲ್ಲಿ ಬಂಡೆಯಿಂದ ಏನೂ ಬದಲಾಗದು. ಮೇಲೆ ಕೊಟ್ಟ H ಸೂತ್ರವೇ ಸಾಕು, ಆದರೆ ಅದು ಕೈಯಿಂದ ಮೇಲಿನ ಎತ್ತರ. ನಮ್ಮ 33.7 ಡಿಗ್ರಿಯ ಲೆಕ್ಕದಲ್ಲಿ ಅದು ಸುಮಾರು 6.2 ಮೀಟರ್. ನೆಲದಿಂದ ಎಷ್ಟು ಎಂದು ಕೇಳಿದರೆ 25 ಸೇರಿಸಿ. ಇದಕ್ಕಿಂತ ದೊಡ್ಡ ತಪ್ಪು ಆಗುವುದು ಸಮಯದಲ್ಲಿ. 2v sin θ / g ಎಂಬುದು ಚೆಂಡು ಮತ್ತೆ ಕೈಯ ಮಟ್ಟಕ್ಕೆ ಬರುವ ಹೊತ್ತು, ನೆಲ ಮುಟ್ಟುವ ಹೊತ್ತಲ್ಲ. ಅದನ್ನೇ ಬಳಸಿದರೆ ಚೆಂಡು ಗಾಳಿಯಲ್ಲೇ ನೇತಾಡುತ್ತಿರುವಾಗ ಲೆಕ್ಕ ಮುಗಿದುಹೋಗಿರುತ್ತದೆ.

ಇನ್ನು ಇಳಿಜಾರು. ಬಂಡೆಗೊಂದು ಸೂತ್ರ, ಇಳಿಜಾರಿಗೆ ಇನ್ನೊಂದು ಅಂತ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಎಲ್ಲಕ್ಕೂ ಒಂದೇ ನಿಯಮ ಸಾಕು. ಕೈಯಿಂದ ನೆಟ್ಟಗೆ ಆಕಾಶಕ್ಕೆ ಒಂದು ಗೆರೆ ಎಳೆಯಿರಿ. ಕೈಯಿಂದ ಚೆಂಡು ಬೀಳುವ ಜಾಗಕ್ಕೆ ಇನ್ನೊಂದು. ಎರಡರ ನಡುವಿನ ಕೋನವನ್ನು ಸರಿಯಾಗಿ ಅರ್ಧ ಮಾಡುವ ದಿಕ್ಕಿನಲ್ಲಿ ಎಸೆದರೆ ಆ ಕಡೆಗೆ ಅತಿ ದೂರ. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 17ನೇ ಶತಮಾನದ ಕೊನೆಯಲ್ಲಿ ಫಿರಂಗಿಗಳಿಗಾಗಿ ಇದೇ ನಿಯಮವನ್ನು ಬರೆದಿದ್ದ.

ಮೈದಾನದಲ್ಲಿ ಎರಡನೇ ಗೆರೆ ನೆಲದ ಜೊತೆಗೇ ಮಲಗಿರುತ್ತದೆ. 90ರ ಅರ್ಧ 45. ನೆಲ 30 ಡಿಗ್ರಿ ಏರಿದ್ದರೆ ಎರಡು ಗೆರೆಗಳ ನಡುವೆ ಉಳಿಯುವುದು 60, ಅದರ ಅರ್ಧ 30. ಏರಿನ 30ಕ್ಕೆ ಈ 30 ಸೇರಿಸಿದರೆ, ಎಸೆಯಬೇಕಾದ ಕೋನ ಸಮತಲದಿಂದ 60 ಡಿಗ್ರಿ. ನೆಲ 30 ಡಿಗ್ರಿ ಇಳಿದಿದ್ದರೆ ನಡುವೆ 120, ಅರ್ಧ 60. ಅಲ್ಲಿ ಸಮತಲದಿಂದ 30 ಡಿಗ್ರಿ ಸಾಕು.

ದೂರಗಳನ್ನೂ ನೋಡಿ. ಅದೇ 20ರ ವೇಗದಲ್ಲಿ ಏರಿನ ಮೇಲೆ ಇಳಿಜಾರಿನುದ್ದಕ್ಕೂ ಸಿಗುವುದು 26.7 ಮೀಟರ್, ಇಳಿಕೆಯಲ್ಲಿ 80. ಏರಿನಲ್ಲಿ 45 ಡಿಗ್ರಿಯಲ್ಲಿ ಎಸೆದರೆ 19.5 ಮೀಟರಿಗೇ ಚೆಂಡು ನೆಲ ಕಚ್ಚುತ್ತದೆ. ಕಾಲು ಭಾಗಕ್ಕಿಂತ ಜಾಸ್ತಿ ನಷ್ಟ! ಬಂಡೆಯ ಮೇಲೆ 45 ಅಷ್ಟೇನೂ ಮೋಸ ಮಾಡಿರಲಿಲ್ಲ. ಇಲ್ಲಿ ನೆಲವೇ ಎದ್ದು ಬಂದು ಚೆಂಡನ್ನು ಹಿಡಿಯುತ್ತದೆ, ಹಾಗಾಗಿ ತಪ್ಪು ದುಬಾರಿ.

ಬಂಡೆಗೂ ಇದೇ ನಿಯಮ ಹೊಂದುತ್ತದೆಯೇ? ನಮ್ಮ ಚೆಂಡು 60 ಮೀಟರ್ ಮುಂದೆ, 25 ಮೀಟರ್ ಕೆಳಗೆ ಬಿತ್ತು. ಆ ಜಾಗಕ್ಕೆ ಎಳೆದ ಗೆರೆ 22.6 ಡಿಗ್ರಿ ಕೆಳಗೆ ಬಾಗಿರುತ್ತದೆ. ಮೇಲೆ 90, ಕೆಳಗೆ 22.6. ಎರಡರ ನಟ್ಟನಡುವಿನ ದಿಕ್ಕು 33.7 ಡಿಗ್ರಿ. ಸೂತ್ರ ಕೊಟ್ಟದ್ದೂ ಅದೇ.

ಯಾಕೆ ಹೀಗೆ? ಗುರುತ್ವವೇ ಇಲ್ಲದಿದ್ದರೆ ಚೆಂಡು ಎಸೆದ ದಿಕ್ಕಿನಲ್ಲೇ ನೇರ ಹೋಗುತ್ತಿತ್ತು. ಗುರುತ್ವ ಆ ನೇರ ಗೆರೆಯಿಂದ ಅದನ್ನು ½gt² ಅಷ್ಟು ಕೆಳಕ್ಕೆ ಇಳಿಸುತ್ತದೆ. ಹೀಗೆ ಒಂದು ತ್ರಿಕೋನ ಆಗುತ್ತದೆ: ನೇರ ಗೆರೆ, ನೆಟ್ಟಗಿನ ಇಳಿತ, ಕೈಯಿಂದ ಬಿದ್ದ ಜಾಗಕ್ಕೆ ಇರುವ ಗೆರೆ. ಕ್ಯಾಲ್ಕುಲಸ್ ಹಾಕಿ ಅತಿ ದೂರ ಹುಡುಕಿದರೆ ಈ ತ್ರಿಕೋನದ ಎರಡು ಬದಿಗಳು ಸಮವಾದಾಗಲೇ ಅದು ಸಿಗುತ್ತದೆ. ಇಳಿತದ ಉದ್ದವೂ ಕೈಯಿಂದ ಬಿದ್ದ ಜಾಗದವರೆಗಿನ ಉದ್ದವೂ ಒಂದೇ. ಸಮ ಬದಿಗಳ ಎದುರು ಸಮ ಕೋನಗಳು, ಅರ್ಧ ಮಾಡುವ ನಿಯಮ ಬಂದದ್ದು ಅಲ್ಲಿಂದ.

ನಿಮ್ಮ ಉತ್ತರ ಪರೀಕ್ಷಿಸಲಿಕ್ಕೂ ಇದು ಚೆನ್ನಾಗಿದೆ. ಬಂಡೆಯ ಚೆಂಡು ಗಾಳಿಯಲ್ಲಿ ಇದ್ದದ್ದು ಸುಮಾರು 3.6 ಸೆಕೆಂಡ್. ಅಷ್ಟು ಹೊತ್ತಿಗೆ ½gt² ಅಂದರೆ 65 ಮೀಟರ್. ಕೈಯಿಂದ ಬಿದ್ದ ಜಾಗಕ್ಕೆ ನೇರ ದೂರ? 60 ಮತ್ತು 25 ಬದಿಗಳ ಲಂಬಕೋನ ತ್ರಿಕೋನದ ಕರ್ಣ, ಅದೂ 65.

ಮೈದಾನದ ಗುಂಡು ಎಸೆತಗಾರರು ಇದನ್ನೂ ಪಾಲಿಸುವುದಿಲ್ಲ. ಗುಂಡು ಭುಜಕ್ಕಿಂತ ಮೇಲಿಂದ ಹೊರಡುವುದರಿಂದ ಲೆಕ್ಕ ಹೇಳುವುದು 42 ಡಿಗ್ರಿ ಆಸುಪಾಸು, ಅವರು ಎಸೆಯುವುದು ಹೆಚ್ಚಾಗಿ 35ರ ಹತ್ತಿರ. ಕಾರಣ ನಮ್ಮ ಮೈ. ತಗ್ಗಿನ ಕೋನದಲ್ಲಿ ತೋಳು ಹೆಚ್ಚು ವೇಗ ಕೊಡಬಲ್ಲದು, ಮೇಲಕ್ಕೆ ತಳ್ಳುವಾಗ ವೇಗ ಕಳೆದುಹೋಗುತ್ತದೆ. ನಮ್ಮ ಸೂತ್ರಗಳೆಲ್ಲ ವೇಗ ಎಲ್ಲ ಕೋನದಲ್ಲೂ ಒಂದೇ ಎಂದು ನಂಬಿ ಹೊರಟಿದ್ದವು. ಕ್ರಿಕೆಟ್ ಚೆಂಡಿನಂಥ ಹಗುರ ವಸ್ತುವಿಗೆ ಗಾಳಿಯ ತಡೆಯೂ ಸೇರಿ ರೇಂಜ್ ಇನ್ನೂ ತಗ್ಗುತ್ತದೆ.

ಕೊನೆಗೆ ಇಳಿಜಾರಿನ ಲೆಕ್ಕ ಮಾಡುವವರಿಗೆ ಒಂದು ಎಚ್ಚರಿಕೆ. ಪ್ರಶ್ನೆಯಲ್ಲಿ ಕೋನವನ್ನು ಎಲ್ಲಿಂದ ಅಳೆದಿದ್ದಾರೆ ನೋಡಿ. 30 ಡಿಗ್ರಿ ಏರಿಗೆ ಉತ್ತರ ಸಮತಲದಿಂದ 60, ಇಳಿಜಾರಿನಿಂದ ಅಳೆದರೆ 30. ಇಳಿಕೆಗೆ ಸರಿಯಾಗಿ ತಿರುಗುಮುರುಗು: ಸಮತಲದಿಂದ 30, ಇಳಿಜಾರಿನಿಂದ 60. ಲೆಕ್ಕವೆಲ್ಲ ಸರಿಯಿದ್ದೂ ಪುಸ್ತಕದ ಹಿಂದಿನ ಉತ್ತರದ ಜೊತೆ ತಾಳೆಯಾಗದಿದ್ದರೆ ಮೊದಲು ಹುಡುಕಬೇಕಾದದ್ದು ಇಲ್ಲೇ.