ಕಲರ್ ಪ್ರೊಫೈಲ್ ಎಂದರೆ ಫಿಲ್ಟರ್ ಅಲ್ಲ

‘ಫೋಟೊಗೆ ಒಳ್ಳೆಯ ಕಲರ್ ಪ್ರೊಫೈಲ್ ಹಾಕಿದೆ, ಬಣ್ಣ ಎದ್ದು ಬಂತು’ ಎಂಬ ಮಾತು ಈಚೆಗೆ ಅತಿಯಾಗಿಯೇ ಕಿವಿಗೆ ಬೀಳುತ್ತಿದೆ. ಫೋನಿನ ವಿವಿಡ್ ಮೋಡ್, ಆ್ಯಪ್‌ಗಳ ಫಿಲ್ಟರ್, ರಾತ್ರಿ ಪರದೆಯನ್ನು ಹಳದಿಗೆ ತಿರುಗಿಸುವ ಸೆಟ್ಟಿಂಗ್ ಎಲ್ಲಕ್ಕೂ ಈಗ ಇದೊಂದೇ ಹೆಸರು. ಆದರೆ ಪ್ರೊಫೈಲ್ ಬಣ್ಣವನ್ನು ಚಂದಗೊಳಿಸುವುದಿಲ್ಲ. ಫೈಲಿನಲ್ಲಿರುವ ಅಂಕಿಗಳು ನಿಜವಾಗಿ ಯಾವ ಬಣ್ಣವನ್ನು ಸೂಚಿಸುತ್ತವೆ ಎಂಬುದನ್ನಷ್ಟೇ ಹೇಳುತ್ತದೆ.

ಪ್ರೊಫೈಲ್ ಇಲ್ಲದೆ ‘ಕೆಂಪು 255’ ಎನ್ನುವುದು, ಉದ್ದ ಐದು ಎಂದು ಹೇಳಿ ಮೊಳವೋ ಮೀಟರೋ ಎಂಬುದನ್ನು ಬಿಟ್ಟಂತೆ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ಎಸ್‌ಆರ್‌ಜಿಬಿ ಅಂಥದೊಂದು ಅಳತೆ. ಈಗಿನ ಅನೇಕ ಫೋನುಗಳು ಬಳಸುವ ಡಿಸ್‌ಪ್ಲೇ ಪಿ3 ಅದಕ್ಕಿಂತ ವಿಶಾಲವಾದ ಇನ್ನೊಂದು. ಕೆಂಪು, ಹಸಿರು, ನೀಲಿಗಳ ಪ್ರಮಾಣವಾಗಿ ಎಸ್‌ಆರ್‌ಜಿಬಿಯಲ್ಲಿ 255, 0, 0 ಎಂದು ಬರೆಯುವ ಕೆಂಪನ್ನೇ ಪಿ3ಯಲ್ಲಿ ಸುಮಾರು 234, 51, 35 ಎಂದು ಬರೆಯಬೇಕಾಗುತ್ತದೆ.

ಕೆಡುವುದು ಇಲ್ಲಿಯೇ. ಫೋನು ಪಿ3ಯಲ್ಲಿ ಉಳಿಸಿದ ಚಿತ್ರವನ್ನು ಯಾವುದೋ ಆ್ಯಪ್ ಕುಗ್ಗಿಸುವಾಗ, ಅಂಕಿಗಳನ್ನು ಹಾಗೆಯೇ ಬಿಟ್ಟು ಪ್ರೊಫೈಲನ್ನು ಮಾತ್ರ ಕಿತ್ತುಹಾಕಿತು ಎನ್ನೋಣ. ಪ್ರೊಫೈಲ್ ಇಲ್ಲದ ಚಿತ್ರವನ್ನು ಲ್ಯಾಪ್‌ಟಾಪ್ ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಎಂದೇ ಓದುವುದರಿಂದ, 234, 51, 35 ಎಂಬುದು ಅಚ್ಚಕೆಂಪಾಗದೆ ತುಸು ಮಂಕಾದ, ಕಿತ್ತಳೆಯತ್ತ ವಾಲಿದ ಕೆಂಪಾಗಿ ಕಾಣುತ್ತದೆ. ತದ್ವಿರುದ್ಧವಾಗಿ, ಎಸ್‌ಆರ್‌ಜಿಬಿಯ 255, 0, 0 ಅನ್ನು ಲೆಕ್ಕಹಾಕದೆ ಪಿ3 ಪರದೆಗೆ ನೇರವಾಗಿ ಕೊಟ್ಟರೆ ಕೆಂಪು ಕಣ್ಣಿಗೆ ಹೊಡೆಯುತ್ತದೆ.

ಪ್ರೊಫೈಲನ್ನು ‘ಹಾಕುವುದು’ ಎಂಬ ಒಂದೇ ಕ್ರಿಯಾಪದದಲ್ಲಿ ಎರಡು ಬೇರೆ ಕೆಲಸಗಳನ್ನು ಅಡಗಿಸಿಬಿಡುವುದು ಇನ್ನೂ ದೊಡ್ಡ ಗೊಂದಲ. ಅಸೈನ್ ಮಾಡಿದರೆ ಅಂಕಿಗಳು ಉಳಿದು ಬಣ್ಣ ಬದಲಾಗುತ್ತದೆ; ಕನ್ವರ್ಟ್ ಮಾಡಿದರೆ ಬಣ್ಣ ಉಳಿದು ಅಂಕಿಗಳು ಬದಲಾಗುತ್ತವೆ. ಎಸ್‌ಆರ್‌ಜಿಬಿ ಚಿತ್ರಕ್ಕೆ ಪಿ3ಯನ್ನು ಅಸೈನ್ ಮಾಡಿ ‘ಬಣ್ಣ ಎದ್ದು ಬಂತು’ ಎಂದು ಹಿಗ್ಗುವವರು ಮಾಡಿರುವುದು ತಪ್ಪು ಅಳತೆಪಟ್ಟಿ ಅಂಟಿಸುವ ಕೆಲಸವನ್ನೇ. ಹಂಚಿಕೊಳ್ಳುವ ಮುನ್ನ ಮಾಡಬೇಕಾದದ್ದು ಎಸ್‌ಆರ್‌ಜಿಬಿಗೆ ಕನ್ವರ್ಟ್. ಆ ಅಳತೆಗೆ ನಿಲುಕದ ಗಾಢ ಬಣ್ಣಗಳು ಆಗ ತುಸು ತಗ್ಗುತ್ತವೆ, ಅದಕ್ಕೆ ಉಪಾಯವಿಲ್ಲ. ಫೈಲಿನಲ್ಲಿ ಯಾವ ಪ್ರೊಫೈಲ್ ಇದೆ ಎಂಬುದನ್ನು exiftool ಎಂಬ ತಂತ್ರಾಂಶದ ಆದೇಶದಿಂದ ಹೀಗೆ ನೋಡಬಹುದು:

```
exiftool -ProfileDescription photo.jpg
```

ಉತ್ತರವೇ ಬಾರದಿದ್ದರೆ ಫೈಲಿನೊಳಗೆ ಪ್ರೊಫೈಲ್ ಇಲ್ಲವೆಂದೇ ಸಾಮಾನ್ಯವಾಗಿ ತಿಳಿಯಬಹುದು.

ಪರದೆಗೂ ಅದರದೇ ಆದ ಪ್ರೊಫೈಲ್ ಇರುತ್ತದೆ. ಫೈಲಿನ ಬಣ್ಣವನ್ನು ಆ ಪರದೆಯ ಅಂಕಿಗಳಿಗೆ ತಿರುಗಿಸಲು ಇವೆರಡೂ ಬೇಕು. ಪ್ರೊಫೈಲ್ ಇರುವ ಚಿತ್ರ ಬ್ರೌಸರಿನಲ್ಲಿ ಸರಿಯಾಗಿದ್ದು ಒಂದು ಆ್ಯಪ್‌ನಲ್ಲಿ ಮಾತ್ರ ಕೆಟ್ಟು ಕಂಡರೆ, ಆ ಆ್ಯಪ್ ಪ್ರೊಫೈಲನ್ನು ಓದುತ್ತಿಲ್ಲವೆಂದು ಶಂಕಿಸಬೇಕು. ಎಲ್ಲ ಕಡೆಯೂ ಮಂಕಾಗಿದ್ದರೆ ಪರದೆಯ ಪ್ರೊಫೈಲ್ ತಪ್ಪಿರಬಹುದು, ಇಲ್ಲವೇ ಪರದೆಗೇ ಅಷ್ಟು ಬಣ್ಣ ತೋರಿಸುವ ಶಕ್ತಿ ಇಲ್ಲದಿರಬಹುದು. ಎರಡನೆಯದನ್ನು ಯಾವ ಪ್ರೊಫೈಲೂ ಸರಿಪಡಿಸಲಾರದು.